ಇ-ವೇ ಬಿಲ್ ಫೋಟೊ ಬಂತೆ? ಇನ್‌ವಾಯ್ಸ್ ಪಕ್ಕದಲ್ಲಿಟ್ಟು ಹೀಗೆ ನೋಡಿ

ಲಾರಿ ಹೊರಟ ಮೇಲೆ ಇ-ವೇ ಬಿಲ್‌ನ ಫೋಟೊ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಮೊದಲು ಅದರಲ್ಲಿರುವ Document No. ನಿಮ್ಮ ಕೈಯಲ್ಲಿರುವ ಇನ್‌ವಾಯ್ಸ್‌ನದೇ ಎಂದು ಖಚಿತ ಮಾಡಿಕೊಳ್ಳಿ. ಬೇರೆ ಬಿಲ್ಲಿನದಾದರೆ ಮುಂದಿನದನ್ನು ನೋಡಿ ಪ್ರಯೋಜನವಿಲ್ಲ.

ಹೆಚ್ಚು ಎಡವುವುದು ಮೊತ್ತದಲ್ಲಿ. Value of Goods ಎದುರು ಇರಬೇಕಾದದ್ದು ತೆರಿಗೆ ಸೇರಿದ ಮೊತ್ತ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ಸರಕಿನ ಬೆಲೆ 1,24,000 ರೂಪಾಯಿ, ಜಿಎಸ್‌ಟಿ ಶೇ 18 ಎಂದುಕೊಳ್ಳಿ. ತೆರಿಗೆ 22,320 ಸೇರಿ 1,46,320 ಆಗುತ್ತದೆ. ಇ-ವೇ ಬಿಲ್‌ನಲ್ಲಿ 124000 ಎಂದಷ್ಟೇ ಇದ್ದರೆ, ತಯಾರಿಸಿದವರು ತೆರಿಗೆ ಬಿಟ್ಟಿದ್ದಾರೆ. ಒಂದೇ ಇನ್‌ವಾಯ್ಸ್‌ನಲ್ಲಿ ತೆರಿಗೆ ವಿನಾಯಿತಿಯ ಸರಕೂ ಇದ್ದರೆ ಮಾತ್ರ ಇ-ವೇ ಬಿಲ್ ಮೊತ್ತ ಕಡಿಮೆ ಇರುವುದು ಸರಿ. ವಿನಾಯಿತಿ ಸರಕಿನ ಬೆಲೆ ಅದರಲ್ಲಿ ಸೇರುವುದಿಲ್ಲ.

ವಾಹನ ಸಂಖ್ಯೆ ಕೆಳಗಿನ Part-B ಭಾಗದಲ್ಲಿರುತ್ತದೆ. ದಾರಿಯಲ್ಲಿ ಲಾರಿ ಬದಲಾಗಿದ್ದರೆ ಅಲ್ಲಿ ಎರಡು ಮೂರು ಸಾಲುಗಳಿರುತ್ತವೆ. ಎಲ್ಲಕ್ಕಿಂತ ಈಚಿನ ದಿನಾಂಕದ ಸಾಲೇ ಈಗಿನ ಲಾರಿ. ಹಾಗಾಗಿ ಇನ್‌ವಾಯ್ಸ್‌ನಲ್ಲಿ ಹಳೆಯ ಲಾರಿ ನಂಬರ್ ಇದ್ದರೆ ಗಾಬರಿ ಬೇಡ, ಗೇಟಿಗೆ ಬಂದ ಲಾರಿಯ ಪ್ಲೇಟ್ ಜತೆ ತಾಳೆ ನೋಡಿ. ಫೋಟೊ ಮಸುಕಾಗಿದ್ದರೆ KA25D0863 ಎಂಬಲ್ಲಿ D ಯಾವುದು, 0 ಯಾವುದು ಎಂದು ಗೊತ್ತಾಗುವುದಿಲ್ಲ. ಕೊನೆಯ ನಾಲ್ಕು ಯಾವಾಗಲೂ ಅಂಕಿ. ಅಲ್ಲಿಂದ ಹಿಂದಕ್ಕೆ ಓದುತ್ತ ಬನ್ನಿ, ಗೊಂದಲ ಬಗೆಹರಿಯುತ್ತದೆ.

ಇನ್ನು ಅವಧಿ. Valid Until ಎದುರಿನ ದಿನಾಂಕವನ್ನು ಸುಮ್ಮನೆ ಓದಬೇಡಿ, ಲೆಕ್ಕ ಹಾಕಿ ನೋಡಿ. ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನ, ಉಳಿದ ಚೂರು ದೂರಕ್ಕೂ ಒಂದು ದಿನ. ನಮ್ಮ ಉದಾಹರಣೆಯ ಬಿಲ್‌ನಲ್ಲಿ ದೂರ 410 ಕಿ.ಮೀ. ಎಂದಿದ್ದರೆ ಮೂರು ದಿನ. 14ರ ಸಂಜೆ ಬಿಲ್ ಆದರೆ ಮೊದಲ ದಿನ ಮುಗಿಯುವುದು 15ರ ಮಧ್ಯರಾತ್ರಿಗೆ; ಅಲ್ಲಿಗೆ ಒಟ್ಟು ಅವಧಿ 17ರ ಮಧ್ಯರಾತ್ರಿವರೆಗೆ. ಇದಕ್ಕಿಂತ ಹೆಚ್ಚು ದಿನ ಕಂಡರೆ ದೂರವನ್ನು ತಪ್ಪಾಗಿ ನಮೂದಿಸಿರಬಹುದು, ಇಲ್ಲವೇ ಅವಧಿ ವಿಸ್ತರಣೆಯಾಗಿರಬಹುದು. ದಿನಾಂಕದ ಬದಲು Part B ನಮೂದಾಗಿಲ್ಲ ಎಂಬ ಸೂಚನೆ ಇದ್ದರೆ, ಆ ಬಿಲ್ ಹಿಡಿದು ಲಾರಿ ಹೊರಡುವಂತಿಲ್ಲ.

ಲಾರಿ ಕೆಟ್ಟು ನಿಂತು ತಡವಾದರೆ, ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯವರೆಗೆ ವಿಸ್ತರಿಸಲು ಅವಕಾಶವಿದೆ. ಇಲ್ಲಿ ಅದು 17ರ ಸಂಜೆ 4ರಿಂದ 18ರ ಬೆಳಿಗ್ಗೆ 8ರವರೆಗೆ. ಹೀಗೆ ವಿಸ್ತರಿಸಿದ್ದಾಗಲಿ, 24 ಗಂಟೆಯೊಳಗೆ ಬಿಲ್ ರದ್ದು ಮಾಡಿದ್ದಾಗಲಿ ಹಳೆಯ ಫೋಟೊದಲ್ಲಿ ಕಾಣುವುದಿಲ್ಲ. ಅನುಮಾನ ಬಂದರೆ 12 ಅಂಕಿಯ ಬಿಲ್ ಸಂಖ್ಯೆ ಹಿಡಿದು ಇ-ವೇ ಬಿಲ್ ಪೋರ್ಟಲ್‌ನಲ್ಲೇ ನೋಡಿ.