ಹಳದಿ ಹೂವಿನ ಸೆನ್ನಾಗೆ ಅಂಕ ಹಾಕಿದ್ದು

ನಾಗರಹೊಳೆ ಕಡೆಯ ಒಂದು ರೆಸಾರ್ಟಿನವರು ದಾರಿಯುದ್ದಕ್ಕೂ ಸೆನ್ನಾ ಸ್ಪೆಕ್ಟಾಬಿಲಿಸ್ ನೆಡಬೇಕೆಂದಿದ್ದರು. ಬೇಗ ಬೆಳೆಯುತ್ತೆ, ಮರ ತುಂಬಾ ಹಳದಿ ಹೂ. ನೆಡುವ ಮೊದಲು ಕಳೆಯಾಗುವ ಅಪಾಯ ಎಷ್ಟಿದೆ ನೋಡಿ ಎಂದು ನನಗೆ ಹೇಳಿದರು. ಆಸ್ಟ್ರೇಲಿಯಾದವರು ರೂಪಿಸಿದ 49 ಪ್ರಶ್ನೆಗಳ ಪಟ್ಟಿ ಇಟ್ಟುಕೊಂಡು ಕೂತೆ. ಒಂದೊಂದು ಉತ್ತರಕ್ಕೂ ಅಂಕ, ಅವುಗಳ ಮೊತ್ತ 1ಕ್ಕಿಂತ ಕಡಿಮೆ ಬಂದರೆ ನೆಡಬಹುದು. 6 ದಾಟಿದರೆ ಬೇಡ. ನಡುವೆ ಬಂದರೆ ಇನ್ನಷ್ಟು ಪರಿಶೀಲಿಸಬೇಕು.

ಜಾಸ್ತಿ ಅಂಕ ಇರುವುದು 'ಬೇರೆ ಕಡೆ ಏನು ಮಾಡಿದೆ' ಎಂಬ ಭಾಗಕ್ಕೆ. ಇದು ಅಮೆರಿಕದ ಉಷ್ಣವಲಯದ ಮರ. ತವರಿನಾಚೆ ತಾನಾಗಿ ನೆಲೆಸಿದೆ, ಅದಕ್ಕೆ 2. ಕಾಡನ್ನು ಕೆಡಿಸುವ ಕಳೆಯೇ? ಉಗಾಂಡಾದ ಬುಡೊಂಗೊ, ತಾಂಜಾನಿಯಾದ ಮಹಾಲೆ, ಪಕ್ಕದ ವಯನಾಡು, ಮೂರೂ ಕಡೆ ಕಾಡಿಗೆ ನುಗ್ಗಿದೆ. ಅದಕ್ಕೆ 4. ಅದೇ ಕುಲದ ತಗಚೆ ಎಲ್ಲರಿಗೂ ಗೊತ್ತಿರುವ ಕಳೆ, ಅದಕ್ಕೆ 2. ಇವು ಪೂರ್ತಿ ಅಂಕ. ಹವಾಮಾನ ನಮ್ಮದಕ್ಕೆ ಹೊಂದಿದರೆ ಮಾತ್ರ ಹೀಗೆ ಸಿಗುತ್ತದೆ, ಇಲ್ಲದಿದ್ದರೆ ಕಡಿಮೆಯಾಗುತ್ತದೆ. ವಯನಾಡು ನಾಗರಹೊಳೆಗೆ ಅಂಟಿಕೊಂಡೇ ಇದೆ, ಹಾಗಾಗಿ ಇಲ್ಲಿ ವಾದಕ್ಕೆ ಜಾಗವಿಲ್ಲ.

ಕಷ್ಟ ಶುರುವಾಗುವುದು ಗಿಡದ ಸ್ವಭಾವದ ಪ್ರಶ್ನೆಗಳಲ್ಲಿ. 'ಸಾರಜನಕ ಹಿಡಿದಿಡುವ ಮರವೇ?' ಎಂದು ಕೇಳುತ್ತಾರೆ. ಕಾಯಿ ನೋಡಿದರೆ ಬೇಳೆಕಾಳಿನ ಕುಟುಂಬ, ಸುಮ್ನೆ 'ಹೌದು' ಬರೆದುಬಿಡಬಹುದು ಅಲ್ವಾ? ಆದರೆ ಸೆನ್ನಾ ಕುಲದ ಬಹುಪಾಲು ಗಿಡಗಳ ಬೇರಿನಲ್ಲಿ ಸಾರಜನಕ ಹಿಡಿದಿಡುವ ಗಂಟುಗಳೇ ಇರುವುದಿಲ್ಲ. ಕುಟುಂಬದ ಹೆಸರು ಪುರಾವೆಯಲ್ಲ. ಸೊನ್ನೆ ಹಾಕಿದೆ.

ಇನ್ನೊಂದು ಎಡವಟ್ಟು ಕಡಿದ ಬುಡದ್ದು. ಈ ಮರ ಕಡಿದರೆ ಮೋಟಿನ ಸುತ್ತ ಗೊಂಚಲು ಗೊಂಚಲಾಗಿ ಚಿಗುರುತ್ತದೆ. 'ಕತ್ತರಿಸಿದರೂ ತಡೆದುಕೊಳ್ಳುತ್ತದೆಯೇ?' ಎಂಬುದಕ್ಕೆ ಈ ಚಿಗುರೇ ಸಾಕ್ಷಿ, 1 ಅಂಕ. ಅದನ್ನೇ ತೋರಿಸಿ 'ಬೀಜವಿಲ್ಲದೆ ಹೊಸ ಗಿಡ ಆಗುತ್ತದೆಯೇ?' ಎಂಬುದಕ್ಕೂ ಅಂಕ ಕೊಡುವವರಿದ್ದಾರೆ. ಚಿಗುರಿದ್ದು ಹಳೇ ಮರವೇ, ಹೊಸ ಗಿಡವಲ್ಲ. ತಾಯಿಮರದಿಂದ ದೂರದಲ್ಲಿ ಬೇರಿನಿಂದ ಗಿಡ ಎದ್ದಿದ್ದಕ್ಕೆ ಗಟ್ಟಿ ದಾಖಲೆ ಕೈಯಲ್ಲಿರಲಿಲ್ಲ. ಆ ಮನೆ ಖಾಲಿ ಬಿಟ್ಟೆ. ಖಾಲಿ ಬಿಟ್ಟರೆ ಅಂಕ ಸೊನ್ನೆ. 'ಇಲ್ಲ' ಎಂದು ಬರೆದರೆ 1 ಕಳೆಯುತ್ತದೆ, ಅದಕ್ಕೂ ಪುರಾವೆ ಬೇಕು. ಕಳೆನಾಶಕಕ್ಕೆ ಬಗ್ಗುತ್ತದೆಯೇ ಎಂಬುದನ್ನೂ ಹಾಗೇ ಬಿಟ್ಟೆ.

ಗಾಳಿಯಲ್ಲಿ ಹರಡುವುದಿಲ್ಲ, ಬೀಜ ಇರುವುದು ಉದ್ದನೆಯ ಭಾರದ ಕಾಯಿಯಲ್ಲಿ. ಅಲ್ಲಿ 1 ಕಳೆದೆ. ಜನರೇ ಬೇಕೆಂದು ಒಯ್ದು ನೆಡುತ್ತಾರೆ, 1 ಸೇರಿಸಿದೆ. ಇಂಥ ಕೂಡು-ಕಳೆ ಎಲ್ಲ ಮುಗಿದ ಮೇಲೂ ಮೊತ್ತ 10ರ ಮೇಲೆ ಉಳಿಯಿತು.

ಬದಲಿಗೆ ಕಕ್ಕೆ ನೆಡಿ ಎಂದೆ. ಸಸಿ ಬಂದಾಗ ಎಲೆ ನೋಡಿ ಎಂದೂ ಹೇಳಿದೆ, ಎರಡೂ ಹಳದಿ ಹೂವಿನವೇ ಆದ್ದರಿಂದ ಅದಲು ಬದಲಾಗಬಹುದು. ಕಕ್ಕೆಯದು ಅಂಗೈಯಗಲದ ಎಲೆಗಳು, ಒಂದು ಕಡ್ಡಿಗೆ ಎಂಟು ಜೋಡಿ ದಾಟುವುದು ಅಪರೂಪ. ಸೆನ್ನಾದವು ಸಣ್ಣವು, ಹತ್ತು ಹನ್ನೆರಡು ಜೋಡಿ ಇರುವುದು ಮಾಮೂಲಿ. ಹೂ ಬಿಟ್ಟ ಮೇಲಂತೂ ಗೊಂದಲವೇ ಇಲ್ಲ. ಕಕ್ಕೆಯ ಗೊಂಚಲು ಜೋಲುತ್ತದೆ, ಸೆನ್ನಾದ್ದು ಮೇಲಕ್ಕೆ ನಿಂತಿರುತ್ತದೆ.