ಮಂಗಳವಾರದ ಸಭೆಗೆ ಬರುವುದಿಲ್ಲವೆಂದು ಬರೆದದ್ದು, ಬದಲಿಗೆ ಕಳುಹಿಸಿದ್ದು

ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಹಾಸನದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲಾಟುಗಳ ತೇವಾಂಶ, ಒಣಗಿದ ಕಾಯಿಯಿಂದ ಎಷ್ಟು ಬೀಜ ಸಿಕ್ಕಿತೆಂಬ ಔಟ್‌ಟರ್ನ್ ಮತ್ತು ಗ್ರೇಡಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಮುಖ್ಯ ಕಚೇರಿ ಇರುವುದು ಚಿಕ್ಕಮಗಳೂರಿನಲ್ಲಿ. ಅಲ್ಲಿ ಪ್ರತಿ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಡೆಯುವ ಸಾಗಣೆ ಸಭೆಗೆ ನನಗೂ ಆಹ್ವಾನ ಬರುತ್ತಿತ್ತು. ಲಾರಿ ಬಾಡಿಗೆ, ಮಂಗಳೂರು ಬಂದರಿಗೆ ಸರಕು ಮುಟ್ಟಬೇಕಾದ ದಿನಾಂಕ, ಬಾಕಿ ಬಿಲ್ಲುಗಳು, ಇವೇ ಅಲ್ಲಿಯ ಮುಖ್ಯ ವಿಷಯಗಳು. ನನ್ನಿಂದ ಅವರಿಗೆ ಬೇಕಾಗುತ್ತಿದ್ದುದು ಯಾವ ಲಾಟು ತಯಾರಾಗಿದೆ, ಯಾವುದು ಆಗಿಲ್ಲ ಎಂಬುದಷ್ಟೇ. ಅದನ್ನು ಹೇಳಲು ಐದು ನಿಮಿಷ ಸಾಕು. ಆದರೆ ಬೇಲೂರಿನ ಮೇಲೆ ಹೋಗಿಬರುವ ಸುಮಾರು 120 ಕಿಲೋಮೀಟರ್ ದಾರಿ ಮತ್ತು ಎರಡು ಗಂಟೆಯ ಸಭೆ ಸೇರಿದರೆ ನನ್ನ ಇಡೀ ದಿನ ಮುಗಿಯುತ್ತಿತ್ತು. ಕಾರಿನ ಖರ್ಚು ಪ್ರತಿ ಸಲ 1,800 ರೂಪಾಯಿಯ ಆಸುಪಾಸು.

ಖರ್ಚಿಗಿಂತ ದೊಡ್ಡ ನಷ್ಟ ಕಣದಲ್ಲಾಯಿತು. ಒಂದು ಫೆಬ್ರವರಿಯಲ್ಲಿ ನಾನು ಸಭೆಯಲ್ಲಿ ಕುಳಿತಿದ್ದಾಗ, ಕಣದಲ್ಲಿ ಮತ್ತೆ ಒಣಗಲು ಹರಡಿದ್ದ ರೋಬಸ್ಟಾ ಚೆರಿಯ ಒಂದು ಲಾಟನ್ನು ಮೀಟರ್ ಹಿಡಿದು ನೋಡದೆ ಚೀಲಕ್ಕೆ ತುಂಬಿಬಿಟ್ಟರು. ತೇವಾಂಶ 11 ಶೇಕಡಾಕ್ಕೆ ಇಳಿದಿರಬೇಕಾದ ಆ ಸರಕು ಇನ್ನೂ 13ರ ಹತ್ತಿರವಿತ್ತು. ವಾರ ಕಳೆದು ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಬಂದಿತು. ಮತ್ತೆ ಹರಡಿದ ಕೂಲಿ ಮತ್ತು ದರದಲ್ಲಿ ಬಿದ್ದ ಕಡಿತ ಸೇರಿ ನಲವತ್ತು ಸಾವಿರದಷ್ಟು ಹೋಯಿತು. ಈ ಸಭೆಯಿಂದ ಹೊರಬರಲೇಬೇಕೆಂದು ನಾನು ತೀರ್ಮಾನಿಸಿದ್ದು ಆ ದಿನ.

ಹಿರಿಯ ಸಹೋದ್ಯೋಗಿಯೊಬ್ಬರು, "ಬೇಡ ಮಾರಾಯರೇ, ಸಭೆಯಲ್ಲಿ ಇಲ್ಲದವರ ತಲೆಗೇ ಎಲ್ಲ ತಪ್ಪನ್ನೂ ಕಟ್ಟುತ್ತಾರೆ" ಎಂದು ಎಚ್ಚರಿಸಿದರು. ಮೊದಲ ಮೂರು ಪ್ರಯತ್ನಗಳಲ್ಲಿ ಅವರು ಹೇಳಿದಂತೆಯೇ ಆಯಿತು. ಮೊದಲ ಸಲ ಕ್ಯಾಲೆಂಡರಿನಲ್ಲಿ ಬರೇ `No` ಒತ್ತಿ ಸುಮ್ಮನಾದೆ; ಕರೆದವರು ಅದನ್ನು ಅಸಡ್ಡೆಯೆಂದು ತಿಳಿದರು. ಎರಡನೆಯ ಸಲ "ಬರಲು ಪ್ರಯತ್ನಿಸುತ್ತೇನೆ" ಎಂದು ಬರೆದೆ. ನಮ್ಮ ಕಡೆ ಈ ಮಾತಿಗೆ ಬರುವುದಿಲ್ಲವೆಂಬ ಅರ್ಥವೂ ಇದೆ, ಬರುತ್ತಾರೆಂಬ ಅರ್ಥವೂ ಇದೆ. ಅವರು ಎರಡನೆಯದನ್ನು ಹಿಡಿದು, ಲಾಟುಗಳ ವಿಷಯವನ್ನು ನನಗಾಗಿ ಕೊನೆಯವರೆಗೂ ಕಾದಿರಿಸಿ, ಕಡೆಗೆ ನಿರ್ಧಾರವನ್ನೇ ಮುಂದೂಡಿದರು. ಮೂರನೆಯ ಸಲ ನನ್ನ ಬದಲು ಸಹಾಯಕನನ್ನು ಕಳುಹಿಸಿದೆ. ಏನು ಒಪ್ಪಬಹುದು, ಏನು ಒಪ್ಪಬಾರದು ಎಂದು ಅವನಿಗೆ ಹೇಳಿರಲಿಲ್ಲ. ಹಿರಿಯರ ಎದುರು ಇಲ್ಲವೆನ್ನಲಾಗದೆ ಅವನು ಗುರುವಾರಕ್ಕೆ ಲಾರಿ ಒಪ್ಪಿಕೊಂಡು ಬಂದ. ಆ ಲಾಟಿನಲ್ಲಿ ಹೆಂಗಸರು ಕೈಯಿಂದ ಕಪ್ಪು ಬೀಜ ಆರಿಸುವುದೇ ಇನ್ನೂ ಮುಗಿದಿರಲಿಲ್ಲ. ಲಾರಿ ಎರಡು ದಿನ ನಮ್ಮ ಗೇಟಿನಲ್ಲಿ ನಿಂತಿತು. ಹಾಲ್ಟಿಂಗ್ ಎಂದು ಆರು ಸಾವಿರದಷ್ಟು ಕಟ್ಟಿದೆವು. ಅದರಲ್ಲಿ ಹುಡುಗನದೇನೂ ತಪ್ಪಿರಲಿಲ್ಲ.

ಮುಂದಿನ ಹಂಗಾಮಿನಲ್ಲಿ ಮೊದಲು ನನ್ನ ಮೇಲಧಿಕಾರಿಯನ್ನು ಕಂಡು, ಒಂದು ತಿಂಗಳು ಹೀಗೆ ಮಾಡಿ ನೋಡುತ್ತೇನೆಂದು ಒಪ್ಪಿಗೆ ಪಡೆದೆ. ಈ ಹೆಜ್ಜೆಯನ್ನು ಬಿಟ್ಟರೆ ಪತ್ರ ಎಷ್ಟು ಚೆನ್ನಾಗಿದ್ದರೂ ನಿಲ್ಲುವುದಿಲ್ಲ, ಏಕೆಂದರೆ ಕರೆದವರು ಮೊದಲು ಫೋನ್ ಮಾಡುವುದು ಅವರಿಗೇ. ಆಮೇಲೆ ಶನಿವಾರ ವಿಷಯಪಟ್ಟಿ ಕೈಗೆ ಬಂದ ಕೂಡಲೇ ಸಭೆ ಕರೆದ ಸಾಗಣೆ ವಿಭಾಗದ ಮುಖ್ಯಸ್ಥರಿಗೆ ಈ ಉತ್ತರ ಬರೆದೆ.

"ಮಾನ್ಯರೇ, ಮಂಗಳವಾರದ ಸಭೆಯ ಆಹ್ವಾನ ತಲುಪಿತು. ವಿಷಯಪಟ್ಟಿಯಲ್ಲಿ ಮೂರನೆಯದಾದ ಲಾಟುಗಳ ಸ್ಥಿತಿಗೆ ಮಾತ್ರ ನನ್ನಿಂದ ಮಾಹಿತಿ ಬೇಕಾಗುತ್ತದೆಂದು ತಿಳಿದಿದ್ದೇನೆ. ಆದ್ದರಿಂದ ನಾನು ಸಭೆಗೆ ಬರುತ್ತಿಲ್ಲ. ಲಾಟುಪಟ್ಟಿಯನ್ನು ಸೋಮವಾರ ಸಂಜೆ ಐದರೊಳಗೆ ಕಳುಹಿಸುತ್ತೇನೆ. ಅದರಲ್ಲಿ 'ತಯಾರು' ಎಂದಿರುವ ಲಾಟುಗಳಿಗೆ ನನ್ನನ್ನು ಕೇಳದೆಯೇ ಲಾರಿ ಗೊತ್ತು ಮಾಡಬಹುದು. 'ಕಾಯಬೇಕು' ಎಂದಿರುವುದಕ್ಕೆ ದಿನಾಂಕ ಕೊಡುವ ಮೊದಲು ದಯವಿಟ್ಟು ಫೋನ್ ಮಾಡಿ. ಹನ್ನೊಂದೂವರೆಯಿಂದ ಹನ್ನೆರಡರವರೆಗೆ ಫೋನ್ ನನ್ನ ಕೈಯಲ್ಲೇ ಇರುತ್ತದೆ. ಬೇರೆ ವಿಷಯಕ್ಕೂ ನಾನು ಬೇಕೆಂದಿದ್ದರೆ ತಿಳಿಸಿ, ಬರುತ್ತೇನೆ."

ಈ ಪತ್ರದಲ್ಲಿ ಹೆಚ್ಚು ತಿದ್ದಿದ್ದು ಎರಡನೆಯ ವಾಕ್ಯವನ್ನು. ಮೊದಲ ಕರಡಿನಲ್ಲಿ "ಉಳಿದ ವಿಷಯಗಳು ನನಗೆ ಸಂಬಂಧಿಸಿದ್ದಲ್ಲ" ಎಂದಿತ್ತು. ಕನ್ನಡದಲ್ಲಿ "ನನಗೆ ಸಂಬಂಧವಿಲ್ಲ" ಎಂಬುದು ಕೈ ತೊಳೆದುಕೊಳ್ಳುವ ಮಾತಾಗಿ ಕೇಳಿಸುತ್ತದೆ, ಜಗಳದಲ್ಲಿ ಆಡುವುದೂ ಅದನ್ನೇ. ಅದನ್ನು ತೆಗೆದು, ನಾನು ಉಪಯೋಗಕ್ಕೆ ಬರುವ ವಿಷಯ ಯಾವುದೆಂದು ಹೆಸರಿಸಿದೆ; ಉಳಿದವುಗಳಿಗೆ ನಾನು ಬೇಕಿಲ್ಲವೆಂಬುದು ಓದುವವರಿಗೆ ತಾನಾಗಿಯೇ ತಿಳಿಯಿತು. ಕೆಲಸದ ಒತ್ತಡ, ಪ್ರಯಾಣದ ತೊಂದರೆ ಮುಂತಾದ ಕಾರಣಗಳನ್ನು ಬೇಕೆಂದೇ ಬಿಟ್ಟೆ. ಕಾರಣ ಕೊಟ್ಟರೆ ಅದಕ್ಕೆ ಪರಿಹಾರ ಬರುತ್ತದೆ: ದೂರವೆಂದರೆ ಕಾರು ಕಳುಹಿಸುತ್ತೇವೆನ್ನುತ್ತಾರೆ, ಸಮಯವಿಲ್ಲವೆಂದರೆ ಸಭೆಯನ್ನು ಮಧ್ಯಾಹ್ನಕ್ಕೆ ಹಾಕುತ್ತೇವೆನ್ನುತ್ತಾರೆ.

ಇಡೀ ಉಪಾಯ ನಿಂತಿರುವುದು 'ತಯಾರು', 'ಕಾಯಬೇಕು' ಎಂಬ ಆ ಎರಡು ಪದಗಳ ಮೇಲೆ. "ಏನಾದರೂ ಬೇಕಿದ್ದರೆ ಕೇಳಿ" ಎಂದು ಬರೆಯುವವರನ್ನು ನೋಡಿದ್ದೇನೆ. ಅದರಿಂದ ಕೆಲಸವೆಲ್ಲ ಕೇಳುವವರ ಮೇಲೆ ಬೀಳುತ್ತದೆ. ನನ್ನ ಪಟ್ಟಿಯಲ್ಲಿ ಒಂದು ಲಾಟಿಗೆ ಒಂದೇ ಸಾಲು. ಉದಾಹರಣೆಗೆ ಒಂದು ಸೋಮವಾರದ ಸಾಲು ಹೀಗಿತ್ತು: "ಲಾಟು 27, ರೋಬಸ್ಟಾ ಚೆರಿ, 140 ಚೀಲ, ತೇವಾಂಶ 11.8, ಕಾಯಬೇಕು, ಬಿಸಿಲಿದ್ದರೆ ಗುರುವಾರ." ಮರುದಿನ ಸಭೆಯಲ್ಲಿ ಯಾರೋ ಅದನ್ನು ಬುಧವಾರವೇ ಎತ್ತಬೇಕೆಂದರಂತೆ. ಹನ್ನೊಂದು ಮುಕ್ಕಾಲಿಗೆ ಫೋನ್ ಬಂದಿತು. ನಾನು ಕಣದಲ್ಲೇ ನಿಂತಿದ್ದರಿಂದ ಮತ್ತೆ ಮೀಟರ್ ಹಿಡಿದು 11.6 ಎಂದು ಹೇಳಿ, ಬದಲಿಗೆ ಲಾಟು 24ನ್ನು ತೋರಿಸಿದೆ. ಮಾತು ಮೂರು ನಿಮಿಷದಲ್ಲಿ ಮುಗಿಯಿತು. ನಾನು ಆ ಸಭೆಯಲ್ಲೇ ಕುಳಿತಿದ್ದರೆ ಹಿಂದಿನ ದಿನದ ಅಂಕಿಯನ್ನಲ್ಲದೆ ಬೇರೇನನ್ನೂ ಹೇಳಲಾಗುತ್ತಿರಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಪಟ್ಟಿಯ ಬದಲು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳುಹಿಸಿದೆ. ಸಭೆಯ ನಡುವೆ ಅದನ್ನು ಯಾರೂ ಹಾಕಿ ಕೇಳಲಿಲ್ಲ. ಒಂದು ವಾರ ಪಟ್ಟಿಗೆ ಔಟ್‌ಟರ್ನ್ ಲೆಕ್ಕ ಮತ್ತು ಗ್ರೇಡುಗಳ ವಿವರವನ್ನೂ ಸೇರಿಸಿ ಎರಡು ಪುಟ ಮಾಡಿದೆ. "ಇದನ್ನು ವಿವರಿಸಲು ತಾವೇ ಬನ್ನಿ" ಎಂಬ ಉತ್ತರ ಬಂದಿತು. ಮತ್ತೆ ಒಂದು ಪುಟಕ್ಕೆ ಇಳಿಸಿದೆ. ವಾರದ ಕೊನೆಗೆ ಸಭೆಯ ನಡಾವಳಿ ತರಿಸಿಕೊಂಡು, ನನ್ನ ಲಾಟಿನ ಸಾಲು ಅದರಲ್ಲಿ ಸರಿಯಾಗಿ ಬಂದಿದೆಯೇ ಎಂದು ನೋಡುವುದನ್ನೂ ರೂಢಿ ಮಾಡಿಕೊಂಡೆ. ಒಮ್ಮೆ 'ಕಾಯಬೇಕು' ಎಂದದ್ದು ನಡಾವಳಿಯಲ್ಲಿ ಬಿಟ್ಟುಹೋಗಿತ್ತು. ಅದೇ ದಿನ ಹೇಳಿ ತಿದ್ದಿಸಿದ್ದರಿಂದ ಮುಂದೆ ಮಾತು ನನ್ನ ಮೇಲೆ ಬರಲಿಲ್ಲ.

ಇದೇ ಕ್ರಮವನ್ನು ಬೆಳೆಗಾರರೊಂದಿಗಿನ ತಿಂಗಳ ಸಭೆಗೂ ಬಳಸಲು ಹೋಗಿ ಸೋತೆ. ಅವರ ಚೆರಿಯ ಔಟ್‌ಟರ್ನ್ ಏಕೆ ಕಡಿಮೆ ಬಂದಿತೆಂದು ನಾನು ಕಾಗದದಲ್ಲಿ ಬರೆದು ಕಳುಹಿಸಿದ್ದನ್ನು ಸಕಲೇಶಪುರದ ಕಡೆಯ ಒಬ್ಬ ಹಿರಿಯ ಬೆಳೆಗಾರರು ಓದಲೇ ಇಲ್ಲ. "ತೂಕ ಹಾಕಿದವರು ಎದುರಿಗೆ ಕೂತು ಹೇಳಲಿ" ಎಂದರು. ಅವರ ಮಾತು ನ್ಯಾಯವಾದದ್ದು. ಅಲ್ಲಿ ಕೇಳುತ್ತಿದ್ದುದು ಅಂಕಿಯನ್ನಲ್ಲ, ಉತ್ತರ ಹೇಳುವವರನ್ನು. ಆ ಸಭೆಗೆ ಈಗಲೂ ಮಾದರಿ ಬೀಜದ ತಟ್ಟೆಗಳನ್ನು ಹಿಡಿದುಕೊಂಡು ನಾನೇ ಹೋಗುತ್ತೇನೆ.

ಸಾಗಣೆ ಸಭೆಯ ಲೆಕ್ಕ ಹೇಳುವುದಾದರೆ, ಆ ಹಂಗಾಮಿನ ಹದಿನಾರೋ ಹದಿನೇಳೋ ಮಂಗಳವಾರಗಳಲ್ಲಿ ನಾನು ಹೋದದ್ದು ಎರಡಕ್ಕೆ ಮಾತ್ರ, ಅವೆರಡಕ್ಕೂ ಅವರೇ ಬೇಕೆಂದು ಕರೆದಿದ್ದರು. ಕಾರಿನ ಖರ್ಚಿನಲ್ಲೇ ಇಪ್ಪತ್ತೈದು ಸಾವಿರ ಉಳಿದಿರಬೇಕು. ಹಾಲ್ಟಿಂಗ್ ಒಂದು ರೂಪಾಯಿಯನ್ನೂ ಕಟ್ಟಲಿಲ್ಲ. ಬೇಡವೆಂದು ಎಚ್ಚರಿಸಿದ್ದ ಹಿರಿಯರು ಮಾರ್ಚ್ ತಿಂಗಳಲ್ಲಿ ನನ್ನ ಪತ್ರದ ಪ್ರತಿಯನ್ನು ಕೇಳಿ ಪಡೆದರು. ಈ ವರ್ಷದ ಆಹ್ವಾನದಲ್ಲಿ ಮೂರನೆಯ ವಿಷಯದ ಎದುರು ಸಾಗಣೆ ವಿಭಾಗದವರೇ "ಹಾಸನದಿಂದ ಪಟ್ಟಿ, ಸೋಮವಾರ ಐದರೊಳಗೆ" ಎಂದು ಅಚ್ಚು ಹಾಕಿಸಿದ್ದಾರೆ.