ಎದುರಿನ ಅಂಗಡಿ ಖಾರದ ಪುಡಿಯ ದರ ಇಳಿಸಿದಾಗ

ಮಾರ್ಚ್, ಏಪ್ರಿಲ್ ಎಂದರೆ ಹಾವೇರಿ, ಗದಗ, ಹುಬ್ಬಳ್ಳಿಯ ಮನೆಗಳಲ್ಲಿ ವರ್ಷದ ಖಾರ ಕುಟ್ಟಿಸಿ ಡಬ್ಬಿ ತುಂಬಿಸುವ ಕಾಲ. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಮಾರುವ ಸಣ್ಣ ಅಂಗಡಿಗೆ ವರ್ಷದ ದುಡಿಮೆಯ ದೊಡ್ಡ ಪಾಲು ಬರುವುದೂ ಇದೇ ಎರಡು ತಿಂಗಳಲ್ಲಿ. ಎದುರಿನವರು ಕಿಲೋಗೆ ಐವತ್ತು ರೂಪಾಯಿ ಇಳಿಸಿ ಬೋರ್ಡ್ ಹಾಕುವುದೂ ಆಗಲೇ. ಅಂದು ಸಂಜೆಯೇ ನೀವೂ ಇಳಿಸಿದರೆ ನಾಳೆ ಅವರು ಮತ್ತೆ ಇಳಿಸುತ್ತಾರೆ. ಹಾಗಾಗಿ ಮೊದಲು ಲೆಕ್ಕದ ಪುಸ್ತಕ ತೆಗೆಯಿರಿ.

ಮೊದಲ ಕೆಲಸ, ನಿಮ್ಮ ಅಸಲು ದರ ತಿಳಿದುಕೊಳ್ಳುವುದು. ಉದಾಹರಣೆಗೆ 10 ಕಿಲೋ ಮೆಣಸಿನಕಾಯಿಗೆ 3,000 ರೂಪಾಯಿ ಎಂದುಕೊಳ್ಳಿ. ತೊಟ್ಟು ಬಿಡಿಸುವ ಕೂಲಿ, ಗಿರಣಿ, ಚೀಲ, ಸಾಗಣೆ ಸೇರಿ 420 ರೂಪಾಯಿ. ತೊಟ್ಟು ತೆಗೆದು, ಒಣಗಿಸಿ, ಕುಟ್ಟಿಸಿದ ಮೇಲೆ ಕೈಗೆ ಸಿಗುವ ಪುಡಿ 9 ಕಿಲೋ. ಅಲ್ಲಿಗೆ ಕಿಲೋಗೆ 380 ಬಿತ್ತು. ಅನೇಕರು 10 ಕಿಲೋದಿಂದಲೇ ಭಾಗಿಸಿ 342 ಎಂದುಕೊಳ್ಳುತ್ತಾರೆ, ದರ ಇಳಿಸುವ ಧೈರ್ಯ ಅವರಿಗೆ ಬರುವುದು ಈ ತಪ್ಪಿನಿಂದಲೇ. ಮೆಣಸಿನಕಾಯಿಯ ಬೆಲೆಯನ್ನು ಹಳೆಯ ಚೀಟಿಯಿಂದ ಹಿಡಿಯಬೇಡಿ. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ವಹಿವಾಟು ನಡೆಯುತ್ತದೆ. ಇಂದು ಮತ್ತೆ ಕೊಂಡರೆ ಎಷ್ಟಾಗುತ್ತದೆಯೋ ಅದೇ ನಿಮ್ಮ ಅಸಲು.

ಈಗ ಕಿಲೋಗೆ 500 ರೂಪಾಯಿಯಂತೆ ವಾರಕ್ಕೆ 70 ಕಿಲೋ ಮಾರುತ್ತಿದ್ದೀರಿ ಎಂದುಕೊಳ್ಳಿ. ಕಿಲೋಗೆ 120 ಉಳಿದು ವಾರಕ್ಕೆ 8,400 ಬರುತ್ತದೆ. ಎದುರಿನವರಂತೆ 450ಕ್ಕೆ ಇಳಿದರೆ ಉಳಿಯುವುದು 70 ಮಾತ್ರ. ಅದೇ 8,400 ಗಳಿಸಲು 120 ಕಿಲೋ ಮಾರಬೇಕು. ಗಿರಾಕಿಗಳು ಅಷ್ಟೇ ಇದ್ದು 70 ಕಿಲೋನೇ ಹೋದರೆ ಸಿಗುವುದು 4,900. ಇಳಿಸದೆ 500ರಲ್ಲೇ ನಿಂತರೆ ಈ 4,900 ರೂಪಾಯಿಗೆ 41 ಕಿಲೋ ಮಾರಿದರೆ ಸಾಕು. ಅಂದರೆ ವಾರಕ್ಕೆ ಸುಮಾರು 29 ಕಿಲೋ ಗಿರಾಕಿ ಕಳೆದುಕೊಂಡರೂ ನೀವು ಇಳಿಸಿದವನಿಗಿಂತ ಕೆಳಗಿಲ್ಲ. ಈ 29ನ್ನು ಗಲ್ಲಾಪೆಟ್ಟಿಗೆಯ ಒಳಗೆ ಬರೆದು ಅಂಟಿಸಿಕೊಳ್ಳಿ. ನಿಮ್ಮ ಅಂಗಡಿಯ ಅಂಕಿ ಬೇರೆಯಾಗಿರುತ್ತದೆ, ಲೆಕ್ಕದ ದಾರಿ ಇದೇ.

ಎರಡನೆಯದು, ಅವರು ಮಾರುತ್ತಿರುವುದು ನಿಮ್ಮ ಸರಕೇ ಎಂದು ನೋಡುವುದು. ಅಲ್ಲಿಂದ 100 ಗ್ರಾಂ ತರಿಸಿ, ಬಿಳಿ ಹಾಳೆಯ ಮೇಲೆ ಎರಡನ್ನೂ ಪಕ್ಕಪಕ್ಕ ಹರಡಿ ಹಗಲು ಬೆಳಕಿನಲ್ಲಿ ನೋಡಿ. ಬ್ಯಾಡಗಿಯ ಗುಣ ಗಾಢ ಕೆಂಪು, ಕಡಿಮೆ ಖಾರ. ಬಣ್ಣ ಮಂಕಾಗಿದ್ದರೆ ಹಳೆಯ ದಾಸ್ತಾನು ಇರಬಹುದು. ನಾಲಿಗೆಗೆ ಚುರುಕ್ಕೆಂದರೆ ಗುಂಟೂರಿನ ಕಾಯಿ ಬೆರೆತಿರಬಹುದು. ಹಳೆಯ ಸರಕು ಖಾಲಿ ಮಾಡುತ್ತಿರುವವರ ದರ ಸರಕು ಮುಗಿಯುವವರೆಗೆ ಮಾತ್ರ, ಅದಕ್ಕೆ ಉತ್ತರ ಕೊಡುವ ಅಗತ್ಯವೇ ಇಲ್ಲ. ಬ್ಯಾಡಗಿಯಲ್ಲೇ ಬೆಲೆ ಬಿದ್ದಿದ್ದರೆ ಮಾತು ಬೇರೆ. ಆಗ ನಿಮ್ಮ ಅಸಲೂ ಇಳಿದಿರುತ್ತದೆ, ನೀವೂ ಅಷ್ಟು ಇಳಿಸಿ. ಅದು ಪೈಪೋಟಿಯಲ್ಲ.

ಇಷ್ಟಾಗಿಯೂ ಏನಾದರೂ ಮಾಡಲೇಬೇಕೆಂದರೆ ಬೋರ್ಡಿನ 500ನ್ನು ಮುಟ್ಟಬೇಡಿ. ಕಾಲು ಕಿಲೋ ಕೊಳ್ಳುವವರು ಹನ್ನೆರಡೂವರೆ ರೂಪಾಯಿಗಾಗಿ ರಸ್ತೆ ದಾಟುವುದು ಕಡಿಮೆ. ನಾಲ್ಕು ಅಂಗಡಿ ಸುತ್ತುವವರು ವರ್ಷದ ಖಾರಕ್ಕೆ ಬರುವವರು. ಅವರಿಗಾಗಿ 5 ಕಿಲೋ ಮೇಲ್ಪಟ್ಟು ಕೊಂಡರೆ ಕಿಲೋಗೆ 475 ಎಂದು ಬೇರೆ ದರ ಇಡಿ, ‘ಏಪ್ರಿಲ್ 30ರವರೆಗೆ’ ಎಂದು ದೊಡ್ಡದಾಗಿ ಬರೆಯಿರಿ. ಆ ದಿನಾಂಕವನ್ನು ಗಿರಾಕಿಯಂತೆ ಎದುರಿನವರೂ ಓದುತ್ತಾರೆ. ಇದು ಕೆಲವು ದಿನಗಳ ಮಾತು, ತಮ್ಮ ಮೇಲೆ ಹೂಡಿದ ಯುದ್ಧವಲ್ಲ ಎಂಬುದು ಅವರಿಗೂ ತಿಳಿಯುತ್ತದೆ. ಕಡಿಮೆ ದರದ್ದೇ ಬೇಕೆನ್ನುವವರಿಗೆ ಬ್ಯಾಡಗಿಯ ಡಬ್ಬಿ ತಳಿಯ ಬದಲು ಕಡ್ಡಿ ತಳಿಯ ಕಾಯಿಯ ಪುಡಿಯನ್ನು ಬೇರೆ ಹೆಸರಿನಲ್ಲೇ, ಬೇರೆ ದರದಲ್ಲಿ ಇಡಬಹುದು.

ಒಂದು ಎಚ್ಚರಿಕೆ. ‘ಇಬ್ಬರೂ 500ರ ಕೆಳಗೆ ಇಳಿಯುವುದು ಬೇಡ’ ಎಂದು ಎದುರಿನವರ ಜೊತೆ ಚಹಾ ಕುಡಿಯುತ್ತಾ ಮಾತಾಡಿಕೊಳ್ಳುವುದು ಸಹಜವೆನಿಸುತ್ತದೆ. ಆದರೆ ಮಾರಾಟಗಾರರು ಸೇರಿ ದರ ನಿಗದಿ ಮಾಡಿಕೊಳ್ಳುವುದನ್ನು 2002ರ ಸ್ಪರ್ಧಾ ಕಾಯ್ದೆ ನಿಷೇಧಿಸುತ್ತದೆ. ಬೋರ್ಡ್ ನೋಡಿ ಅವರವರೇ ತೀರ್ಮಾನಿಸಬೇಕು.

ಸತತ ಎರಡು ವಾರ ಮಾರಾಟ 41 ಕಿಲೋಗಿಂತ ಕೆಳಗೆ ಹೋದರೆ ಮಾತ್ರ ದರ ಇಳಿಸುವ ಯೋಚನೆ ಮಾಡಿ, ಆಗಲೂ ಒಮ್ಮೆಲೇ 450 ಬೇಡ, 480 ಇಟ್ಟು ನೋಡಿ. ಸರಕು ಉಳಿಯುತ್ತದೆಂಬ ಭಯ ಬೇಡವೆಂದರೆ ಎರಡು ವಾರಕ್ಕೆ ಆಗುವಷ್ಟನ್ನೇ ಕುಟ್ಟಿಸಿ, ಉಳಿದದ್ದು ಕಾಯಿಯಾಗಿಯೇ ಕೋಲ್ಡ್ ಸ್ಟೋರೇಜ್‌ನಲ್ಲಿರಲಿ. ಪುಡಿ ಬೇಗ ಬಣ್ಣ ಕಳೆದುಕೊಳ್ಳುತ್ತದೆ, ಆಗ ಇಳಿಸದೆ ಬೇರೆ ದಾರಿ ಉಳಿಯುವುದಿಲ್ಲ.

ಮಿರಗ ಮಳೆ ಬೀಳುವ ಹೊತ್ತಿಗೆ ವರ್ಷದ ಖರೀದಿ ಮುಗಿದಿರುತ್ತದೆ. 5 ಕಿಲೋದ ದರವನ್ನು ಬೋರ್ಡಿನಲ್ಲಿ ಬರೆದಂತೆ ಏಪ್ರಿಲ್ 30ಕ್ಕೇ ತೆಗೆದುಹಾಕಿ. ಕೋಲ್ಡ್ ಸ್ಟೋರೇಜ್ ಬಾಡಿಗೆಯನ್ನು ಅಸಲಿಗೆ ಸೇರಿಸಿ, ಕಿಲೋಗೆ ಜೂನ್‌ನಲ್ಲಿ ಹತ್ತು ರೂಪಾಯಿ, ಆಗಸ್ಟ್‌ನಲ್ಲಿ ಮತ್ತೆ ಹತ್ತು ಎಂಬಂತೆ ಏರಿಸಿ. ಪ್ಯಾಕೆಟ್‌ನಲ್ಲಿ ಮಾರುವವರು ಎಂಆರ್‌ಪಿ ಮುದ್ರಿಸುವಾಗಲೇ ಈ ಏರಿಕೆಗೆ ಜಾಗ ಬಿಟ್ಟಿರಬೇಕು. ಮುದ್ರಿಸಿದ ದರಕ್ಕಿಂತ ಕಡಿಮೆಗೆ ಕೊಡಬಹುದು, ಹೆಚ್ಚು ಪಡೆಯುವಂತಿಲ್ಲ.